ಎರಡು ದಾರಗಳಲ್ಲಿ ತೂಗುವ ಸರಳು: ಒಂದನ್ನು ಕತ್ತರಿಸಿದ ಕ್ಷಣದಲ್ಲಿ ಇನ್ನೊಂದರ ಎಳೆತ ಎಷ್ಟು?

ಪಿಯುಸಿ ಭೌತಶಾಸ್ತ್ರ ಓದುತ್ತಿರುವವರಿಂದಲೂ ಸಿಇಟಿ, ಜೆಇಇ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. ಏಕರೂಪದ ಸರಳೊಂದನ್ನು ಎರಡು ದಾರಗಳಿಂದ ನೆಲಕ್ಕೆ ಸಮಾಂತರವಾಗಿ ತೂಗುಹಾಕಲಾಗಿದೆ. ಒಂದೊಂದು ದಾರದಲ್ಲಿಯೂ ಎಳೆತ ಎಷ್ಟು? ಒಂದು ದಾರವನ್ನು ಕತ್ತರಿಸಿದ ಕೂಡಲೇ ಉಳಿದ ದಾರದ ಎಳೆತ ಎಷ್ಟಾಗುತ್ತದೆ? ಮೊದಲನೆಯ ಭಾಗವನ್ನು ಹೆಚ್ಚಿನವರು ಸರಿಯಾಗಿಯೇ ಬಿಡಿಸುತ್ತಾರೆ. ಎರಡನೆಯ ಭಾಗಕ್ಕೆ ಬರುವ ಉತ್ತರಗಳಲ್ಲಿ ಎರಡು ತಪ್ಪುಗಳು ಸಾಮಾನ್ಯ. ಈಗ ಇಡೀ ಭಾರವನ್ನು ಒಂದೇ ದಾರ ಹೊರಬೇಕಾದ್ದರಿಂದ ಎಳೆತ Mg ಆಗುತ್ತದೆ ಎನ್ನುವುದು ಒಂದು. ಸರಳು ಇನ್ನೂ ಅಲುಗಾಡಿಲ್ಲವಾದ್ದರಿಂದ ಎಳೆತ ಮೊದಲಿನಷ್ಟೇ ಇರುತ್ತದೆ ಎನ್ನುವುದು ಇನ್ನೊಂದು. ಈ ಎರಡೂ ಏಕೆ ನಿಲ್ಲುವುದಿಲ್ಲ, ಸರಿಯಾದ ಉತ್ತರವನ್ನು ಹೇಗೆ ಪಡೆಯಬೇಕು, ಪಡೆದದ್ದನ್ನು ಹೇಗೆ ತಾಳೆ ನೋಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಮೊದಲು ನಾಲ್ಕು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಎಳೆತ ಎಂದರೆ ಬಿಗಿಯಾಗಿರುವ ದಾರವು ತನ್ನ ತುದಿಗೆ ಕಟ್ಟಿದ ವಸ್ತುವನ್ನು ತನ್ನ ಉದ್ದಕ್ಕೂ ತನ್ನತ್ತ ಎಳೆಯುವ ಬಲ. ತರಗತಿಗಳಲ್ಲಿ ಇದನ್ನೇ ಟೆನ್ಷನ್ ಎನ್ನುತ್ತಾರೆ. ಟಾರ್ಕ್ ಎಂದರೆ ಬಲವೊಂದು ವಸ್ತುವನ್ನು ತಿರುಗಿಸುವ ಪರಿಣಾಮ. ಬಲವನ್ನು, ತಿರುಗುಬಿಂದುವಿನಿಂದ ಆ ಬಲದ ರೇಖೆಗೆ ಇರುವ ಲಂಬ ದೂರದಿಂದ ಗುಣಿಸಿದರೆ ಅದು ಸಿಗುತ್ತದೆ. ಏಕರೂಪದ ಸರಳು ಎಂದರೆ ಉದ್ದಕ್ಕೂ ದಪ್ಪವೂ ಸಾಂದ್ರತೆಯೂ ಒಂದೇ ಆಗಿರುವ ಸರಳು. ಅದರ ದ್ರವ್ಯರಾಶಿ ಕೇಂದ್ರವು ಸರಿಯಾಗಿ ನಟ್ಟನಡುವೆ ಇರುತ್ತದೆ. ಜಡತ್ವದ ಮಹತ್ವ, ಅಂದರೆ ಮೊಮೆಂಟ್ ಆಫ್ ಇನರ್ಷಿಯಾ, ವಸ್ತುವು ತಿರುಗುವುದಕ್ಕೆ ಒಡ್ಡುವ ಪ್ರತಿರೋಧದ ಅಳತೆ. ತೆಳ್ಳಗಿನ ಏಕರೂಪದ ಸರಳಿಗೆ, ನಡುವಿನ ಮೂಲಕ ಹಾದು ಸರಳಿಗೆ ಲಂಬವಾಗಿರುವ ಅಕ್ಷದ ಸುತ್ತ ಅದು ML²/12; ಇಲ್ಲಿ M ಸರಳಿನ ದ್ರವ್ಯರಾಶಿ, L ಅದರ ಉದ್ದ. ಈ ಲೆಕ್ಕಕ್ಕೆ ಬೇಕಾದ ಸಿದ್ಧ ಸೂತ್ರ ಇದೊಂದೇ. ಉಳಿದದ್ದೆಲ್ಲ ನ್ಯೂಟನ್ನನ ಎರಡನೆಯ ನಿಯಮದಿಂದಲೇ ಬರುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಸರಳಿನ ದ್ರವ್ಯರಾಶಿ 3 ಕಿಲೋಗ್ರಾಂ, ಉದ್ದ 1.2 ಮೀಟರ್. ಒಂದು ದಾರವನ್ನು ಸರಳಿನ ಎಡ ತುದಿಗೇ ಕಟ್ಟಲಾಗಿದೆ; ಇನ್ನೊಂದನ್ನು ಬಲ ತುದಿಯಿಂದ 0.3 ಮೀಟರ್ ಒಳಗೆ ಕಟ್ಟಲಾಗಿದೆ. ಎರಡೂ ದಾರಗಳು ನೇರವಾಗಿ ಮೇಲಕ್ಕೆ ಹೋಗಿವೆ. g = 9.8 ಮೀ/ಸೆ² ಎಂದು ಹಿಡಿಯುತ್ತೇವೆ. ದಾರಗಳು ಹಗುರವಾದವು, ಹಿಗ್ಗದಂಥವು ಎಂಬ ಷರತ್ತು ಪ್ರಶ್ನೆಯಲ್ಲಿ ಹೇಳದೆಯೂ ಅಡಗಿರುತ್ತದೆ. ಎರಡನೆಯ ಷರತ್ತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ, ಏಕೆಂದರೆ ಇಡೀ ಉತ್ತರ ನಿಂತಿರುವುದು ಅದರ ಮೇಲೆ.

ಹಂತ 1: ದೂರಗಳನ್ನು ನಡುವಿನಿಂದ ಅಳೆಯಿರಿ

ಸರಳಿನ ಚಿತ್ರ ಬರೆದು ನಡುವಿನ ಬಿಂದುವನ್ನು ಗುರುತಿಸಿಕೊಳ್ಳಿ. ಎಡಗಡೆಯ ದಾರವು ನಡುವಿನಿಂದ ಎಷ್ಟು ದೂರದಲ್ಲಿದೆಯೋ ಅದು a, ಬಲಗಡೆಯ ದಾರ ಎಷ್ಟು ದೂರದಲ್ಲಿದೆಯೋ ಅದು b. ನಮ್ಮ ಉದಾಹರಣೆಯಲ್ಲಿ a = 0.6 ಮೀ, b = 0.6 − 0.3 = 0.3 ಮೀ. ಪ್ರಶ್ನೆಗಳಲ್ಲಿ ದೂರವನ್ನು ಸಾಮಾನ್ಯವಾಗಿ ತುದಿಯಿಂದ ಕೊಟ್ಟಿರುತ್ತಾರೆ. ಅದನ್ನು ಹಾಗೆಯೇ ಸಮೀಕರಣಕ್ಕೆ ಹಾಕಿಬಿಡುವುದರಿಂದ ಆಗುವ ತಪ್ಪು ಬಹಳ. ನಮ್ಮ ಉದಾಹರಣೆಯಲ್ಲಿ ತುದಿಯಿಂದ ಇರುವ ದೂರವೂ ನಡುವಿನಿಂದ ಇರುವ ದೂರವೂ ಬಲಗಡೆಯಲ್ಲಿ 0.3 ಮೀಟರೇ ಆಗಿರುವುದು ಕಾಕತಾಳೀಯ. ಅದನ್ನು ನಿಯಮವೆಂದು ಭಾವಿಸಬೇಡಿ.

ಹಂತ 2: ಕತ್ತರಿಸುವ ಮುನ್ನ ಇರುವ ಎಳೆತಗಳು

ಸರಳು ನಿಶ್ಚಲವಾಗಿದೆ. ಆದ್ದರಿಂದ ಮೇಲಕ್ಕಿರುವ ಬಲಗಳು ಕೆಳಕ್ಕಿರುವ ಬಲಕ್ಕೆ ಸಮ. ನಡುವಿನ ಸುತ್ತ ಒಂದು ಕಡೆಗೆ ತಿರುಗಿಸುವ ಟಾರ್ಕ್ ಇನ್ನೊಂದು ಕಡೆಗೆ ತಿರುಗಿಸುವ ಟಾರ್ಕಿಗೆ ಸಮ. ಎಡಗಡೆಯ ಎಳೆತವನ್ನು T₁, ಬಲಗಡೆಯದನ್ನು T₂ ಎಂದರೆ:

T₁ + T₂ = Mg

T₁ a = T₂ b

ನಡುವಿನ ಸುತ್ತ ಟಾರ್ಕ್ ತೆಗೆದುಕೊಂಡಿದ್ದರಿಂದ ಭಾರ Mg ಎರಡನೆಯ ಸಮೀಕರಣದಲ್ಲಿ ಬರಲಿಲ್ಲ. ಎರಡನ್ನೂ ಬಿಡಿಸಿದರೆ T₁ = Mg·b/(a + b), T₂ = Mg·a/(a + b). ನಡುವಿಗೆ ಹತ್ತಿರ ಇರುವ ದಾರವೇ ಹೆಚ್ಚು ಭಾರ ಹೊರುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ. ಸಂಖ್ಯೆಗಳನ್ನು ಹಾಕಿದರೆ Mg = 29.4 ನ್ಯೂಟನ್; T₁ = 9.8 ನ್ಯೂಟನ್, T₂ = 19.6 ನ್ಯೂಟನ್.

ದಾರಗಳ ಉದ್ದ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಎರಡೂ ದಾರಗಳನ್ನು ನಡುವಿನ ಒಂದೇ ಪಕ್ಕಕ್ಕೆ ಕಟ್ಟಿದ್ದರೆ ಒಂದು ಎಳೆತ ಋಣವಾಗಿ ಬರುತ್ತದೆ. ದಾರ ಎಳೆಯಬಲ್ಲದೇ ಹೊರತು ತಳ್ಳಲಾರದು. ಆದ್ದರಿಂದ ಅಂಥ ಉತ್ತರ ಬಂದರೆ ಸರಳು ಹಾಗೆ ಸಮತಲದಲ್ಲಿ ನಿಲ್ಲುವುದೇ ಸಾಧ್ಯವಿಲ್ಲ ಎಂದರ್ಥ.

ಹಂತ 3: ಕತ್ತರಿಸಿದ ಕ್ಷಣದಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

ಬಲಗಡೆಯ ದಾರವನ್ನು ಕತ್ತರಿಸಿದೆವು ಎಂದುಕೊಳ್ಳೋಣ. 'ಕತ್ತರಿಸಿದ ಕೂಡಲೇ' ಎಂಬ ಮಾತಿಗೆ ಇಲ್ಲಿ ಖಚಿತವಾದ ಅರ್ಥವಿದೆ. ಸರಳಿನ ಸ್ಥಾನ ಬದಲಾಗಲು ಸಮಯ ಬೇಕು, ವೇಗ ಹುಟ್ಟಲೂ ಸಮಯ ಬೇಕು. ಹಾಗಾಗಿ ಆ ಕ್ಷಣದಲ್ಲಿ ಸರಳು ಇನ್ನೂ ನೆಲಕ್ಕೆ ಸಮಾಂತರವಾಗಿಯೇ ಇದೆ, ಅದರ ವೇಗವೂ ಕೋನೀಯ ವೇಗವೂ ಇನ್ನೂ ಸೊನ್ನೆಯೇ. ಆದರೆ ವೇಗೋತ್ಕರ್ಷಕ್ಕೆ ಅಂಥ ತಡೆಯಿಲ್ಲ. ಬಲ ಬದಲಾದ ಗಳಿಗೆಯಲ್ಲೇ ಅದೂ ಬದಲಾಗುತ್ತದೆ. ಸ್ಥಿರವಾಗಿ ಕಾಣುವ ಸರಳು ಆ ಕ್ಷಣದಲ್ಲಿ ಸಮತೋಲದಲ್ಲಿ ಇಲ್ಲ. ಎಳೆತವನ್ನು Mg ಎಂದು ಬರೆಯುವವರು ಮರೆಯುವುದು ಇದನ್ನೇ: ಮೇಲಿನ ಬಲ ಕೆಳಗಿನ ಬಲಕ್ಕೆ ಸಮವಾಗಬೇಕಾದರೆ ನಡುವಿನ ವೇಗೋತ್ಕರ್ಷ ಸೊನ್ನೆಯಾಗಿರಬೇಕು, ಇಲ್ಲಿ ಅದು ಸೊನ್ನೆಯಲ್ಲ.

ಎಡಗಡೆಯ ದಾರ ಹಿಗ್ಗುವುದಿಲ್ಲವಾದ್ದರಿಂದ ಅದನ್ನು ಕಟ್ಟಿದ ಬಿಂದು ಕೆಳಗೆ ಬರಲಾರದು. ಹಾಗಾದರೆ ಅದು ಮೇಲಕ್ಕೆ ಹಾರಿ ದಾರ ಸಡಿಲವಾಗಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದು ಒಳ್ಳೆಯ ಪ್ರಶ್ನೆ. ದಾರ ಸಡಿಲವಾದರೆ ಸರಳಿನ ಮೇಲೆ ಉಳಿಯುವುದು ಭಾರ ಮಾತ್ರ. ಭಾರವು ನಡುವಿನಲ್ಲಿ ಕೆಲಸ ಮಾಡುವುದರಿಂದ ಸರಳನ್ನು ತಿರುಗಿಸುವುದಿಲ್ಲ. ಸರಳಿನ ಎಲ್ಲ ಬಿಂದುಗಳೂ g ವೇಗೋತ್ಕರ್ಷದಿಂದ ಕೆಳಗಿಳಿಯಬೇಕಾಗುತ್ತದೆ. ಹಾಗೆ ಇಳಿಯಲು ಹೊರಟ ಎಡ ಬಿಂದು ದಾರವನ್ನು ಮತ್ತೆ ಬಿಗಿ ಮಾಡುತ್ತದೆ. ಆದ್ದರಿಂದ ದಾರ ಬಿಗಿಯಾಗಿಯೇ ಇರುತ್ತದೆ, ಎಡ ಬಿಂದುವಿನ ಲಂಬ ವೇಗೋತ್ಕರ್ಷ ಸೊನ್ನೆ ಎಂದು ಧೈರ್ಯವಾಗಿ ಬರೆಯಬಹುದು.

ಹಂತ 4: ಮೂರು ಸಮೀಕರಣಗಳು

ನಡುವಿನ ಬಿಂದು ಕೆಳಮುಖವಾಗಿ ಪಡೆಯುವ ವೇಗೋತ್ಕರ್ಷ A, ಬಲತುದಿ ಕೆಳಗಿಳಿಯುವ ದಿಕ್ಕಿನಲ್ಲಿ ಸರಳಿನ ಕೋನೀಯ ವೇಗೋತ್ಕರ್ಷ α, ಉಳಿದ ದಾರದ ಎಳೆತ T ಎಂದಿರಲಿ.

Mg − T = M A

T a = (ML²/12) α

A = a α

ಮೊದಲನೆಯದು ನಡುವಿನ ಚಲನೆಗೆ, ಎರಡನೆಯದು ನಡುವಿನ ಸುತ್ತ ತಿರುಗುವುದಕ್ಕೆ, ಮೂರನೆಯದು ದಾರದ ಷರತ್ತಿಗೆ ಸೇರಿದ್ದು. ಮೂರನೆಯದು ಬಂದದ್ದು ಹೀಗೆ: ಎಡ ಬಿಂದು ನಡುವಿನ ಜೊತೆ A ವೇಗೋತ್ಕರ್ಷದಿಂದ ಕೆಳಕ್ಕೆ ಹೋಗಬೇಕು, ಆದರೆ ಸರಳು ತಿರುಗುವುದರಿಂದ ನಡುವಿಗೆ ಹೋಲಿಸಿದರೆ ಅದು aα ದಷ್ಟು ಮೇಲಕ್ಕೆ ಹೋಗುತ್ತದೆ, ಎರಡೂ ಸೇರಿ ಸೊನ್ನೆಯಾಗಬೇಕು. ಚಿಹ್ನೆಗಳಲ್ಲಿ ಎಡವುವುದು ಈ ಸಮೀಕರಣದಲ್ಲಿಯೇ. A ಯನ್ನು ಕೆಳಮುಖವಾಗಿ ಹಿಡಿದು α ವನ್ನು ವಿರುದ್ಧ ದಿಕ್ಕಿನಲ್ಲಿ ಹಿಡಿದರೆ T ಗೆ ಅಸಂಬದ್ಧ ಬೆಲೆ ಬರುತ್ತದೆ. ಅದನ್ನು ತಪ್ಪಿಸಲು, ಸರಳು ವಾಸ್ತವವಾಗಿ ಯಾವ ಕಡೆಗೆ ತಿರುಗಲಿದೆ ಎಂದು ಚಿತ್ರದಲ್ಲಿ ಬಾಣ ಹಾಕಿ, ಆ ದಿಕ್ಕನ್ನೇ ಧನ ಎಂದು ಹಿಡಿಯಿರಿ.

ಇನ್ನೊಂದು ಎಚ್ಚರಿಕೆ ಜಡತ್ವದ ಮಹತ್ವಕ್ಕೆ ಸಂಬಂಧಿಸಿದ್ದು. ಎಡ ಬಿಂದುವಿನ ವೇಗೋತ್ಕರ್ಷ ಆ ಕ್ಷಣದಲ್ಲಿ ಸೊನ್ನೆಯಾದ್ದರಿಂದ, ಅದನ್ನೇ ಕೀಲು ಎಂದು ಭಾವಿಸಿ ಅದರ ಸುತ್ತ ಟಾರ್ಕ್ ತೆಗೆದುಕೊಂಡರೂ ಸರಿಯೇ; Mg·a = I α ಎಂದು ಒಂದೇ ಸಾಲಿನಲ್ಲಿ α ಸಿಗುತ್ತದೆ. ಆದರೆ ಆಗ I ಕೂಡ ಅದೇ ಬಿಂದುವಿನ ಸುತ್ತ ಇರಬೇಕು, ಅಂದರೆ ML²/12 + Ma². ದಾರ ತುದಿಯಲ್ಲಿದ್ದಾಗ ಮಾತ್ರ ಇದು ML²/3 ಆಗುತ್ತದೆ. ದಾರ ಎಲ್ಲೇ ಇದ್ದರೂ ML²/3 ಎಂದು ಬರೆಯುವುದು, ಇಲ್ಲವೇ ತುದಿಯ ಸುತ್ತ ಟಾರ್ಕ್ ತೆಗೆದುಕೊಂಡು ML²/12 ಬಳಸುವುದು, ಇವೆರಡನ್ನೂ ಉತ್ತರಪತ್ರಿಕೆಗಳಲ್ಲಿ ಪದೇ ಪದೇ ನೋಡುತ್ತೇವೆ. ಕೀಲು ಎಂಬ ಭಾವನೆ ಆ ಒಂದು ಕ್ಷಣಕ್ಕೆ ಮಾತ್ರ ಸಲ್ಲುತ್ತದೆ ಎಂಬುದೂ ನೆನಪಿರಲಿ. ಸ್ವಲ್ಪ ಹೊತ್ತಿನ ನಂತರ ದಾರವೇ ಓಲತೊಡಗುವುದರಿಂದ ಆ ಬಿಂದು ಪಕ್ಕಕ್ಕೆ ಸರಿಯುತ್ತದೆ.

ಹಂತ 5: ಬಿಡಿಸಿ

ಮೂರನೆಯದರಿಂದ α = A/a. ಅದನ್ನು ಎರಡನೆಯದಕ್ಕೆ ಹಾಕಿದರೆ T = M A·L²/(12a²). ಇದನ್ನು ಮೊದಲನೆಯದಕ್ಕೆ ಹಾಕಿದಾಗ ಬರುವುದು:

T = Mg · L²/(L² + 12a²)

ನಮ್ಮ ಸರಳಿಗೆ a = 0.6, L = 1.2. L² = 1.44, 12a² = 4.32. T = 29.4 × 1.44/5.76 = 7.35 ನ್ಯೂಟನ್. ಕತ್ತರಿಸುವ ಮುನ್ನ ಈ ದಾರದಲ್ಲಿ 9.8 ನ್ಯೂಟನ್ ಇತ್ತು. ಇನ್ನೊಂದು ದಾರ ಹೋದಾಗ ಇದರ ಎಳೆತ ಹೆಚ್ಚುವ ಬದಲು ಕಡಿಮೆಯಾಗಿದೆ. ನಡುವಿನ ವೇಗೋತ್ಕರ್ಷ (29.4 − 7.35)/3 = 7.35 ಮೀ/ಸೆ², ಕೋನೀಯ ವೇಗೋತ್ಕರ್ಷ 7.35/0.6 = 12.25 ರೇಡಿಯನ್/ಸೆ². ತಾಳೆ ನೋಡಲು: T a = 7.35 × 0.6 = 4.41; ML²/12 = 0.36, ಅದರಿಂದ 12.25 ಅನ್ನು ಗುಣಿಸಿದರೂ 4.41. ಸರಿಹೊಂದಿತು.

ಬಲಗಡೆಯ ದಾರದ ಬದಲು ಎಡಗಡೆಯದನ್ನು ಕತ್ತರಿಸಿದ್ದರೆ? ಆಗ ಉಳಿಯುವ ದಾರ ನಡುವಿನಿಂದ 0.3 ಮೀಟರ್ ದೂರದಲ್ಲಿದೆ. ಸೂತ್ರದಲ್ಲಿ a ಇದ್ದ ಜಾಗಕ್ಕೆ 0.3 ಹಾಕಿದರೆ T = 29.4 × 1.44/2.52 = 16.8 ನ್ಯೂಟನ್. ಮುನ್ನ 19.6 ಇತ್ತು; ಇಲ್ಲಿಯೂ ಕಡಿಮೆಯೇ ಆಯಿತು. ಸೂತ್ರಕ್ಕೆ ಹಾಕಬೇಕಾದದ್ದು ಉಳಿದ ದಾರದ ದೂರವನ್ನು, ಕತ್ತರಿಸಿದ ದಾರದ ದೂರವನ್ನಲ್ಲ. ಕತ್ತರಿಸಿದ ದಾರ ಎಲ್ಲಿತ್ತು ಎಂಬುದು ಹೊಸ ಎಳೆತದ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ.

ಹಂತ 6: ಎಳೆತ ಏರಬೇಕೋ ಇಳಿಯಬೇಕೋ ಎಂದು ಮೊದಲೇ ಹೇಳುವ ಬಗೆ

ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ತಿರುಳು ಇಲ್ಲಿದೆ. ಎರಡು ದಾರಗಳಲ್ಲಿ ಯಾವುದನ್ನು ಕತ್ತರಿಸಿದರೂ ಎಳೆತ ಇಳಿಯಿತಲ್ಲ, ಇದು ಯಾವಾಗಲೂ ಹೀಗೆಯೇ? ಅಲ್ಲ. ಮುನ್ನ ಇದ್ದ Mg·b/(a + b) ಯನ್ನೂ ಆಮೇಲಿನ Mg·L²/(L² + 12a²) ಅನ್ನೂ ಹೋಲಿಸಿ ಸರಳಗೊಳಿಸಿದರೆ ಬಹಳ ಚೊಕ್ಕವಾದ ಷರತ್ತು ಉಳಿಯುತ್ತದೆ. ab ಎಂಬ ಗುಣಲಬ್ಧವು L²/12 ಕ್ಕಿಂತ ಹೆಚ್ಚಿದ್ದರೆ ಉಳಿದ ದಾರದ ಎಳೆತ ಇಳಿಯುತ್ತದೆ, ಕಡಿಮೆಯಿದ್ದರೆ ಏರುತ್ತದೆ, ಸಮವಿದ್ದರೆ ಬದಲಾಗುವುದೇ ಇಲ್ಲ. a ಮತ್ತು b ಎರಡಕ್ಕೂ ಈ ಷರತ್ತಿನಲ್ಲಿ ಒಂದೇ ಸ್ಥಾನ; ಆದ್ದರಿಂದ ಯಾವ ದಾರವನ್ನು ಕತ್ತರಿಸಿದರೂ ಫಲ ಒಂದೇ ದಿಕ್ಕಿನಲ್ಲಿರುತ್ತದೆ. ನಮ್ಮ ಉದಾಹರಣೆಯಲ್ಲಿ ab = 0.18, L²/12 = 0.12. ಎರಡು ಬಾರಿಯೂ ಎಳೆತ ಇಳಿಯಲೇಬೇಕಿತ್ತು.

ಇದರ ಕಾರಣವನ್ನು ಸಮೀಕರಣವಿಲ್ಲದೆಯೂ ಕಾಣಬಹುದು. ಕತ್ತರಿಸುವ ಮುನ್ನ ಎಲ್ಲ ಬಲಗಳೂ ಸಮತೋಲದಲ್ಲಿದ್ದವು. ಬಲಗಡೆಯ ದಾರದ ಮೇಲ್ಮುಖ ಎಳೆತವನ್ನು ತೆಗೆದುಹಾಕುವುದೂ ಆ ಸಮತೋಲದ ಸರಳನ್ನು ಅದೇ ಜಾಗದಲ್ಲಿ ಅಷ್ಟೇ ಬಲದಿಂದ ಕೆಳಕ್ಕೆ ಒತ್ತುವುದೂ ಒಂದೇ. ಹಾಗೆ ಒತ್ತಿದಾಗ ಎರಡು ಸಂಗತಿಗಳು ಒಟ್ಟಿಗೆ ಆಗುತ್ತವೆ: ಇಡೀ ಸರಳು ಕೆಳಕ್ಕೆ ಹೋಗಲು ಹೊರಡುತ್ತದೆ, ಜೊತೆಗೆ ತಿರುಗಲೂ ಹೊರಡುತ್ತದೆ. ತಿರುಗುವುದರಿಂದ ಎಡಭಾಗ ಮೇಲೇಳಬೇಕು. ಒತ್ತಿದ ಜಾಗ ನಡುವಿಗೆ ಹತ್ತಿರವಿದ್ದರೆ ಕೆಳಗಿಳಿಯುವುದೇ ಮೇಲುಗೈ. ಎಡ ಬಿಂದು ಕೆಳಕ್ಕೆ ಜಗ್ಗುತ್ತದೆ, ದಾರ ಇನ್ನಷ್ಟು ಬಿಗಿಯಾಗುತ್ತದೆ. ಒತ್ತಿದ ಜಾಗ ದೂರವಿದ್ದರೆ ತಿರುಗುವುದೇ ಮೇಲುಗೈ. ಎಡ ಬಿಂದು ಮೇಲೇಳಲು ನೋಡುತ್ತದೆ, ದಾರದ ಮೇಲಿನ ಹೊರೆ ಇಳಿಯುತ್ತದೆ. ಕ್ರಿಕೆಟ್ ಬ್ಯಾಟಿನ ಒಂದು ನಿರ್ದಿಷ್ಟ ಜಾಗಕ್ಕೆ ಚೆಂಡು ಬಡಿದರೆ ಹಿಡಿಕೆಯ ಕೈಗೆ ಧಕ್ಕೆ ತೀರ ಕಡಿಮೆ ತಾಗುವುದು ಇದೇ ಲೆಕ್ಕದಿಂದ: ಅಲ್ಲಿ ಎರಡೂ ಪರಿಣಾಮಗಳು ಹಿಡಿಕೆಯ ಬಳಿ ಒಂದನ್ನೊಂದು ಅಳಿಸಿಹಾಕುತ್ತವೆ.

ಎಳೆತ ಬದಲಾಗದ ಸಂದರ್ಭವನ್ನು ನೀವೇ ರಚಿಸಿಕೊಳ್ಳಿ. ಒಂದು ದಾರ ತುದಿಯಲ್ಲಿ, ಅಂದರೆ a = L/2; ಆಗ b = L/6 ಆಗಿರಬೇಕು. ನಮ್ಮ 1.2 ಮೀಟರ್ ಸರಳಿನಲ್ಲಿ ಇದು ನಡುವಿನಿಂದ 0.2 ಮೀಟರ್ ಬಲಕ್ಕೆ, ಎಡತುದಿಯಿಂದ ಅಳೆದರೆ ಉದ್ದದ ಮೂರನೇ ಎರಡು ಭಾಗದಲ್ಲಿ. ತುದಿಯ ದಾರದಲ್ಲಿ ಮುನ್ನವೂ Mg/4, ಆಮೇಲೂ Mg/4. ಸರಳನ್ನು ತುದಿಯಿಂದ ತೂಗುಹಾಕಿ ಲೋಲಕದಂತೆ ಓಲಾಡಿಸಿದರೆ ಅದರ ಆಂದೋಲನ ಕೇಂದ್ರ, ಅಂದರೆ ಇಡೀ ದ್ರವ್ಯರಾಶಿಯನ್ನು ಒಂದೆಡೆ ಕೂಡಿಸಿದರೂ ಓಲಾಟದ ಅವಧಿ ಬದಲಾಗದ ಬಿಂದು, ಇರುವುದೂ ಇದೇ ಮೂರನೇ ಎರಡು ಭಾಗದ ಜಾಗದಲ್ಲಿ. ತೂಗುಬಿಂದುವನ್ನೂ ಆಂದೋಲನ ಕೇಂದ್ರವನ್ನೂ ಅದಲುಬದಲು ಮಾಡಬಹುದು ಎಂದು ಕ್ರಿಸ್ಟಿಯಾನ್ ಹೈಗೆನ್ಸ್ 1673ರಲ್ಲಿ ತೋರಿಸಿಕೊಟ್ಟಿದ್ದ. ನಮ್ಮ ಷರತ್ತಿನಲ್ಲಿ a, b ಎರಡಕ್ಕೂ ಒಂದೇ ಸ್ಥಾನ ಸಿಕ್ಕಿರುವುದು ಆ ಸಂಗತಿಯ ಇನ್ನೊಂದು ಮುಖ.

ಎರಡೂ ದಾರಗಳು ನಡುವಿನಿಂದ ಸಮ ದೂರದಲ್ಲಿರುವ ಪ್ರಶ್ನೆಗಳು ಪರೀಕ್ಷೆಯಲ್ಲಿ ಹೆಚ್ಚು. ದಾರಗಳು ತುದಿಗಳಲ್ಲಿದ್ದರೆ ಎಳೆತ Mg/2 ಇಂದ Mg/4 ಕ್ಕೆ ಇಳಿಯುತ್ತದೆ. ಪ್ರತಿ ದಾರವೂ ನಡುವಿನಿಂದ L/4 ದೂರದಲ್ಲಿದ್ದರೆ Mg/2 ಇಂದ 4Mg/7 ಕ್ಕೆ ಏರುತ್ತದೆ. ಉತ್ತರ ಸದಾ Mg/4 ಎಂದು ಬಾಯಿಪಾಠ ಮಾಡಿಕೊಂಡವರು ಈ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ.

ದಾರದ ಬದಲು ಸ್ಪ್ರಿಂಗ್ ಇದ್ದರೆ

ಪ್ರಶ್ನೆಯಲ್ಲಿ ದಾರದ ಜಾಗದಲ್ಲಿ ಸ್ಪ್ರಿಂಗ್ ಎಂದಿದ್ದರೆ ಹಂತ 3ರಿಂದ ಎಲ್ಲವೂ ಬೇರೆ. ಸ್ಪ್ರಿಂಗಿನ ಎಳೆತ ಅದು ಎಷ್ಟು ಹಿಗ್ಗಿದೆ ಎಂಬುದನ್ನು ಅವಲಂಬಿಸಿದೆ. ಕತ್ತರಿಸಿದ ಕ್ಷಣದಲ್ಲಿ ಸರಳು ಇನ್ನೂ ಕದಲದಿರುವುದರಿಂದ ಹಿಗ್ಗಿದ ಅಳತೆಯೂ ಬದಲಾಗಿಲ್ಲ. ಆದ್ದರಿಂದ ಎಳೆತ ಮೊದಲಿನ 9.8 ನ್ಯೂಟನ್ನೇ ಇರುತ್ತದೆ, A = aα ಎಂಬ ಷರತ್ತು ಬಿದ್ದುಹೋಗುತ್ತದೆ. ಆಗ ನಡುವಿನ ವೇಗೋತ್ಕರ್ಷ 19.6/3, ಅಂದರೆ ಸುಮಾರು 6.53 ಮೀ/ಸೆ², ಕೋನೀಯ ವೇಗೋತ್ಕರ್ಷ 5.88/0.36, ಅಂದರೆ ಸುಮಾರು 16.3 ರೇಡಿಯನ್/ಸೆ². 'ಎಳೆತ ಮೊದಲಿನಷ್ಟೇ' ಎಂಬ ಉತ್ತರ ಸಲ್ಲುವ ಜಾಗ ಇದು.

ಹಾಗಾದರೆ ನಿಜವಾದ ದಾರ ಯಾವ ಕಡೆಗೆ ಸೇರುತ್ತದೆ? ಪ್ರತಿಯೊಂದು ದಾರವೂ ಅತಿ ಗಡುಸಾದ ಸ್ಪ್ರಿಂಗೇ. ಅರ್ಧ ಮಿಲಿಮೀಟರ್ ವ್ಯಾಸದ, ಅರ್ಧ ಮೀಟರ್ ಉದ್ದದ ಉಕ್ಕಿನ ತಂತಿಯಿಂದ ಎಡತುದಿಯನ್ನು ತೂಗುಹಾಕಿದ್ದೇವೆ ಎನ್ನಿ. 9.8 ನ್ಯೂಟನ್ ಎಳೆತಕ್ಕೆ ಅದು ಸುಮಾರು 0.12 ಮಿಲಿಮೀಟರ್ ಹಿಗ್ಗಿರುತ್ತದೆ. ಬಲಗಡೆಯದನ್ನು ಕತ್ತರಿಸಿದಾಗ ಎಳೆತ 9.8ರಿಂದಲೇ ಆರಂಭವಾಗಿ, ಸುಮಾರು 5 ಮಿಲಿಸೆಕೆಂಡಿನಲ್ಲಿ 7.35ಕ್ಕೆ ಇಳಿದು, ಅದರ ಆಚೀಚೆ ಸ್ವಲ್ಪ ಕಂಪಿಸಿ ನೆಲೆಗೊಳ್ಳುತ್ತದೆ. ಆ 5 ಮಿಲಿಸೆಕೆಂಡಿನಲ್ಲಿ ಸರಳು ತಿರುಗುವುದು ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು. ನಮ್ಮ ಉತ್ತರದ 'ಕೂಡಲೇ' ಎಂದರೆ ಈ ಸಣ್ಣ ಕಂಪನ ಮುಗಿಯುವಷ್ಟು ತಡ, ಆದರೆ ಸರಳು ಕಣ್ಣಿಗೆ ಕಾಣುವಷ್ಟು ಓರೆಯಾಗುವುದಕ್ಕಿಂತ ಮುಂಚೆ. ಹತ್ತಿಯ ದಾರ, ನೈಲಾನ್ ಹಗ್ಗಗಳು ಇದಕ್ಕಿಂತ ಬಹಳ ಹೆಚ್ಚು ಹಿಗ್ಗುವುದರಿಂದ ಅವುಗಳಲ್ಲಿ ಈ ಇಳಿತ ನಿಧಾನ. ಪ್ರಯೋಗಾಲಯದಲ್ಲಿ ಮೊದಲ ಭಾಗವನ್ನು ಸ್ಪ್ರಿಂಗ್ ತಕ್ಕಡಿಯಿಂದ ಧಾರಾಳವಾಗಿ ಪರೀಕ್ಷಿಸಬಹುದು. ಎರಡನೆಯ ಭಾಗಕ್ಕೆ ಅದು ಒದಗುವುದಿಲ್ಲ, ಏಕೆಂದರೆ ತಕ್ಕಡಿಯೇ ಸ್ಪ್ರಿಂಗ್ ಆಗಿ ಕೆಲಸ ಮಾಡಿ ಹಳೆಯ ಎಳೆತವನ್ನೇ ತೋರಿಸುತ್ತಿರುತ್ತದೆ.

ದಾರಗಳು ಓರೆಯಾಗಿದ್ದರೆ

ಮೇಲಿನ ಸೂತ್ರ ಲಂಬ ದಾರಗಳಿಗೆ ಮಾತ್ರ. ಎರಡು ತುದಿಗಳಿಂದಲೂ ದಾರಗಳು ಸರಳಿನೊಂದಿಗೆ θ ಕೋನ ಮಾಡುತ್ತಾ ಹೊರಮುಖವಾಗಿ ಮೇಲಕ್ಕೆ ಹೋಗಿದ್ದರೆ, ಮುನ್ನ ಇರುವ ಎಳೆತ Mg/(2 sin θ). ಒಂದನ್ನು ಕತ್ತರಿಸಿದಾಗ ಸೊನ್ನೆಯಾಗುವುದು ತುದಿಯ ವೇಗೋತ್ಕರ್ಷದ ಲಂಬ ಭಾಗವಲ್ಲ, ದಾರದ ಉದ್ದಕ್ಕೆ ಇರುವ ಭಾಗ. ತುದಿಯು ದಾರಕ್ಕೆ ಅಡ್ಡವಾಗಿ ಸರಿಯಬಹುದು. ಎಳೆತದ ಅಡ್ಡ ಅಂಶವು ನಡುವನ್ನೂ ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದ ನಡುವಿನ ಪಕ್ಕದ ಚಲನೆಗೆ ನಾಲ್ಕನೆಯ ಸಮೀಕರಣವೊಂದನ್ನು ಸೇರಿಸಿಕೊಂಡು, ದಾರದ ದಿಕ್ಕಿನಲ್ಲಿ ಷರತ್ತನ್ನು ಬರೆದರೆ ಬರುವುದು:

T = Mg · sin θ/(1 + 3 sin²θ)

θ = 90° ಹಾಕಿ ನೋಡಿ, ಪರಿಚಿತ Mg/4 ಬರಬೇಕು. θ = 30° ಆದರೆ ಮುನ್ನ ಪ್ರತಿ ದಾರದಲ್ಲಿಯೂ Mg ಯಷ್ಟು ಎಳೆತವಿತ್ತು; ಕತ್ತರಿಸಿದ ಕೂಡಲೇ ಉಳಿದದ್ದರಲ್ಲಿ ಅದು 2Mg/7 ಕ್ಕೆ ಕುಸಿಯುತ್ತದೆ. ಇಲ್ಲಿ ತುದಿಯನ್ನು ಕೀಲು ಎಂದು ಭಾವಿಸಿ Mg·L/2 = (ML²/3) α ಎಂದು ಬರೆಯುವ ಒಳದಾರಿ ಕೆಲಸ ಮಾಡುವುದಿಲ್ಲ, ಏಕೆಂದರೆ ಓರೆ ದಾರದ ತುದಿಗೆ ಆ ಕ್ಷಣದಲ್ಲಿಯೇ ದಾರಕ್ಕೆ ಅಡ್ಡವಾದ ವೇಗೋತ್ಕರ್ಷ ಇರುತ್ತದೆ; ಟಾರ್ಕನ್ನು ಸರಳಿನ ನಡುವಿನ ಸುತ್ತಲೇ ತೆಗೆದುಕೊಳ್ಳಬೇಕು.